ಸಂದರ್ಶನದ ಮರುದಿನದ ಕಾಗದ

ಸಂದರ್ಶನ ಮುಗಿಸಿ ಬಂದವರು ಕಳಿಸುವ ಇಮೇಲ್ ಸಾಮಾನ್ಯವಾಗಿ ಎರಡೇ ಸಾಲಿನದು. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ಉತ್ತರಕ್ಕೆ ಕಾಯುತ್ತಿರುತ್ತೇನೆ. ಅದರಿಂದ ನಷ್ಟವಿಲ್ಲ, ಲಾಭವೂ ಇಲ್ಲ. ಸಂದರ್ಶಕರ ಮನಸ್ಸಿನಲ್ಲಿ ಉಳಿದುಹೋದ ಅನುಮಾನಕ್ಕೆ ಉತ್ತರ ಕೊಟ್ಟರೆ ಮಾತ್ರ ಆ ಕಾಗದಕ್ಕೆ ಬೆಲೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಆಡಿಟರ್ ಕಚೇರಿಯಲ್ಲಿ ನಾಲ್ಕು ವರ್ಷ ದುಡಿದ ಬಿ.ಕಾಂ. ಪದವೀಧರೆಯೊಬ್ಬಳು ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ಸಂದರ್ಶನ ಕೊಡುತ್ತಾಳೆ. "ನೀವು ಟ್ಯಾಲಿಯಲ್ಲೇ ಕೆಲಸ ಮಾಡಿದವರು. ನಮ್ಮದು ಸ್ಯಾಪ್. ತಿಂಗಳ ಕೊನೆಯ ಒತ್ತಡ ತಡ್ಕೋತೀರಾ?" ಎಂದು ಮ್ಯಾನೇಜರ್ ಕೇಳುತ್ತಾರೆ. "ಕಲ್ತ್ಕೋತೀನಿ ಸರ್" ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಹೀಗೆ ತಿರುಗಿ ಬಂದ ಪ್ರಶ್ನೆಯೇ ನಿಜವಾದ ಅನುಮಾನ. ಹೊರಗೆ ಬಂದ ಕೂಡಲೇ ಅದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು. ಮನೆ ಸೇರುವಷ್ಟರಲ್ಲಿ ನಮಗೆ ಹಿತವಾಗುವ ಹಾಗೆ ಅದು ಬದಲಾಗಿರುತ್ತದೆ.

ಮರುದಿನ ಬೆಳಿಗ್ಗೆ ಅವಳು ಬರೆಯಬೇಕಾದ ಕಾಗದದ ಹುರುಳು ಹೀಗಿರಬಹುದು:

"ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಪೂರೈಕೆದಾರರ ಬಿಲ್ಲುಗಳ ತಾಳೆಯೇ ಈ ಹುದ್ದೆಯ ಮುಖ್ಯ ಕೆಲಸ ಎಂದಿರಿ. ನನಗೆ ಹೆಚ್ಚು ರೂಢಿಯಿರುವ ಕೆಲಸವೂ ಅದೇ. ಸ್ಯಾಪ್ ಮತ್ತು ತಿಂಗಳ ಕೊನೆಯ ಒತ್ತಡದ ಬಗ್ಗೆ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರಿಸಲಿಲ್ಲ. ನಾನು ಸ್ಯಾಪ್ ಬಳಸಿಲ್ಲ. ಆದರೆ ಪ್ರತಿ ತಿಂಗಳು 14ರಂದು ಜಿಎಸ್‌ಟಿಆರ್-2ಬಿ ಬಂದ ಮೇಲೆ, 20ರೊಳಗೆ 3ಬಿ ಸಲ್ಲಿಸಲು, ನಮ್ಮ ಕಕ್ಷಿದಾರರ ಖರೀದಿ ಬಿಲ್ಲುಗಳನ್ನೆಲ್ಲ ನಾನೇ ತಾಳೆ ನೋಡುತ್ತೇನೆ. ಬಿಲ್ ಎಲ್ಲಿ ಬಿಟ್ಟುಹೋಗುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಸ್ಯಾಪ್‌ನ ಪರದೆಗಳನ್ನು."

ಕಾಗದದ ಬಲವಿರುವುದು "ಬಳಸಿಲ್ಲ" ಎಂದು ನೇರವಾಗಿ ಒಪ್ಪಿಕೊಂಡದ್ದರಲ್ಲಿ. ಅದನ್ನು ಮುಚ್ಚಿಟ್ಟು "ಬೇಗ ಕಲಿಯುವ ಸ್ವಭಾವ ನನ್ನದು" ಎಂದು ಬರೆದಿದ್ದರೆ ಓದುವವರ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆರು ದಿನದ ಗಡುವಿನ ಕೆಲಸ ಲೆಕ್ಕ ಬಲ್ಲ ಯಾರಿಗೂ ತಕ್ಷಣ ಅರ್ಥವಾಗುತ್ತದೆ. ಸ್ವಭಾವದ ಬಣ್ಣನೆಗಿಂತ ಮಾಡಿದ ಕೆಲಸದ ವಿವರ ಮೇಲು.

ಹಾಗೆಂದು ಅವರು ಎತ್ತದ ಕೊರತೆಗಳನ್ನೆಲ್ಲ ತಾನಾಗಿ ಹೇಳಿಕೊಳ್ಳಬಾರದು. ಇಂಗ್ಲಿಷ್ ತಡವರಿಸಿತು, ಸಂಬಳದ ಮಾತು ಸರಿಹೋಗಲಿಲ್ಲ ಎಂದೆಲ್ಲ ಬರೆದರೆ ಒಂದು ಅನುಮಾನವಿದ್ದಲ್ಲಿ ಮೂರಾಗುತ್ತವೆ. ಕಾಗದ ಮೊಬೈಲ್ ಪರದೆಯಲ್ಲಿ ಒಂದೇ ಸಲ ಓದಿ ಮುಗಿಯುವಷ್ಟಿರಲಿ. ಸಂದರ್ಶಕರ ವಿಳಾಸ ಸಿಗದಿದ್ದರೆ, ಕರೆ ಮಾಡಿ ಕರೆಸಿದ ಎಚ್‌ಆರ್ ಅವರಿಗೇ ಕಳಿಸಿ, ಅವರಿಗೂ ತಲುಪಿಸಿ ಎಂದು ಕೇಳಿಕೊಳ್ಳಬಹುದು.

ಇದೆಲ್ಲ ಖಾಸಗಿ ಕಂಪನಿಗಳ ಮಾತು. ಯುಪಿಎಸ್‌ಸಿ, ಕೆಪಿಎಸ್‌ಸಿಯಂಥ ಆಯೋಗಗಳ ಸಂದರ್ಶನದ ನಂತರ ಮಂಡಳಿಯ ಸದಸ್ಯರಿಗೆ ಹೀಗೆ ಬರೆಯಲೇಬಾರದು. ಅಲ್ಲಿ ಪ್ರಭಾವ ಬೀರುವ ಯತ್ನ ಎನಿಸಿದರೆ ಅಭ್ಯರ್ಥಿತನಕ್ಕೇ ಕುತ್ತು.