ತಪ್ಪು ಉತ್ತರಕ್ಕೂ ಒಂದು ಬಣ್ಣ

ಪೂರ್ಣಾಂಕಗಳ ಪಾಠ ಬಂದಾಗ ಕೆಲವು ಗಣಿತ ಶಿಕ್ಷಕರು ಮಕ್ಕಳ ಕೈಗೆ ಬಣ್ಣ ತುಂಬುವ ಹಾಳೆಯೊಂದನ್ನು ಕೊಡುತ್ತಾರೆ. ಹಾಳೆಯ ತುಂಬ ಚೌಕಗಳು, ಚೌಕಕ್ಕೊಂದು ಲೆಕ್ಕ. ಯಾವ ಉತ್ತರಕ್ಕೆ ಯಾವ ಬಣ್ಣ ಎಂಬ ಪಟ್ಟಿ ಕೆಳಗಿರುತ್ತದೆ. ಲೆಕ್ಕ ಮಾಡುತ್ತಾ, ಬಣ್ಣ ತುಂಬುತ್ತಾ ಹೋದರೆ ಕೊನೆಗೆ ಗಿಳಿಯೋ ದೋಣಿಯೋ ಮೂಡುತ್ತದೆ.

ಎಷ್ಟೋ ಹಾಳೆಗಳಲ್ಲಿ ಈ ಪಟ್ಟಿಯೇ ಕೈಕೊಡುತ್ತದೆ. ಅದರಲ್ಲಿ ಸರಿಯುತ್ತರಗಳು ಮಾತ್ರ ಇರುತ್ತವೆ. −7 + 3 ಲೆಕ್ಕಕ್ಕೆ −10 ಎಂದು ಬರೆದ ಹುಡುಗಿ ಪಟ್ಟಿ ನೋಡುತ್ತಾಳೆ. ಅಲ್ಲಿ −10 ಇಲ್ಲ. 10 ಕೂಡ ಇಲ್ಲ. 4 ಇಲ್ಲ, −4 ಇದೆ. ಹಾಗಾದರೆ ಅದೇ ಇರಬೇಕು ಎಂದು ಕೆಂಪು ತುಂಬುತ್ತಾಳೆ. ಚಿತ್ರ ಚೆಂದವಾಗಿ ಬರುತ್ತದೆ, ಲೆಕ್ಕ ಮಾತ್ರ ಅವಳಿಗೆ ಬಂದಿರುವುದಿಲ್ಲ. ಶಿಕ್ಷಕರಿಗೆ ಅದು ಗೊತ್ತೂ ಆಗುವುದಿಲ್ಲ.

ಇದಕ್ಕೆ ಪರಿಹಾರ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿಗೂ ಬಣ್ಣ ಕೊಡುವುದು. ಚಿಕ್ಕದೊಂದು ಗಾಳಿಪಟದ ಹಾಳೆಯನ್ನೇ ನೋಡೋಣ. ಅಡ್ಡ ಐದು, ಉದ್ದ ಐದು, ಒಟ್ಟು 25 ಚೌಕ. ಸಾಲಿಗೆ 1, 3, 5, 3, 1ರಂತೆ ನಡುವಿನ 13 ಚೌಕಗಳು ಸೇರಿದರೆ ಪಟ. ನಾಲ್ಕು ಮೂಲೆಗಳಲ್ಲಿ ಮೂರು ಮೂರರಂತೆ ಉಳಿದ 12 ಚೌಕ ಆಕಾಶ. ಬಣ್ಣದ ಪಟ್ಟಿ ಹೀಗಿರಲಿ: −4, −12, 9 ಬಂದರೆ ಕೆಂಪು, 4, 12, −9 ಬಂದರೆ ನೀಲಿ, 1, −1, 10, −10 ಬಂದರೆ ಹಳದಿ. ಹಳದಿ ಯಾವ ಚೌಕಕ್ಕೂ ಸರಿಯಾದ ಬಣ್ಣವಲ್ಲ, ಆದರೆ ಮಕ್ಕಳಿಗೆ ಅದನ್ನು ಹೇಳಬಾರದು.

ಪ್ರತಿ ಸರಿಯುತ್ತರ ಮತ್ತು ಅದರ ವಿರುದ್ಧ ಚಿಹ್ನೆಯ ಜೋಡಿ ಬೇರೆ ಬೇರೆ ಬಣ್ಣದಲ್ಲಿರುವುದನ್ನು ಗಮನಿಸಿ. ಚಿಹ್ನೆ ತಪ್ಪಿದರೆ ಕೆಂಪು ಇರಬೇಕಾದಲ್ಲಿ ನೀಲಿ ಬರುತ್ತದೆ. ಪಟದ ಎಡ ತುದಿಯ ಚೌಕದಲ್ಲಿ −7 + 3 ಇದೆ ಎಂದುಕೊಳ್ಳಿ. 7ರಿಂದ 3 ಕಳೆದು ಚಿಹ್ನೆ ಹಾಕಲು ಮರೆತವನಿಗೆ 4 ಬರುತ್ತದೆ, ಚೌಕ ನೀಲಿಯಾಗುತ್ತದೆ. ಎರಡನ್ನೂ ಕೂಡಿ ಮೈನಸ್ ಹಾಕಿದವಳಿಗೆ −10, ಚೌಕ ಹಳದಿ. ತಪ್ಪು ಎರಡೂ ಕಡೆ ಇದೆ, ಆದರೆ ಇಬ್ಬರಿಗೆ ಹೇಳಿಕೊಡಬೇಕಾದ್ದು ಬೇರೆ ಬೇರೆ.

ಇನ್ನು ಎಡ ಮೇಲಿನ ಮೂಲೆ. ಅಲ್ಲಿನ ಮೂರೂ ಚೌಕಗಳಲ್ಲಿ ಒಂದೇ ಜಾತಿಯ ಲೆಕ್ಕ: −5 − 4, −3 − 6, −8 − 1. ಮೂರಕ್ಕೂ ಉತ್ತರ −9, ಬಣ್ಣ ನೀಲಿ. ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿಕೊಂಡ ಮಕ್ಕಳು ಎಡವುವುದು ಇಲ್ಲೇ. ಆ ಸೂತ್ರ ಗುಣಾಕಾರ, ಭಾಗಾಕಾರಕ್ಕೆ ಸೇರಿದ್ದು. ಋಣ ಸಂಖ್ಯೆಯನ್ನು ಕಳೆಯುವಾಗಲೂ, ಅಂದರೆ 5 − (−4) ಎಂಬಲ್ಲಿ, ಅದು ಹೇಗೋ ಹೊಂದುತ್ತದೆ. ಆದರೆ ಎರಡು ಮೈನಸ್ ಕಂಡಲ್ಲೆಲ್ಲ ಪ್ಲಸ್ ಮಾಡುವ ಹುಡುಗ −5 − 4 ಅನ್ನು 9 ಮಾಡುತ್ತಾನೆ. ಪಟ್ಟಿಯಲ್ಲಿ 9 ಇದೆ, ಕೆಂಪು. ಆಕಾಶದ ಆ ಮೂಲೆ ಪೂರ್ತಿ ಕೆಂಪಾಗುತ್ತದೆ. ಡೆಸ್ಕುಗಳ ನಡುವೆ ಓಡಾಡುವ ಶಿಕ್ಷಕರಿಗೆ ಒಂದು ನೋಟ ಸಾಕು, ಯಾರಿಗೆ ಯಾವ ಗೊಂದಲ ಎಂದು ತಿಳಿಯುತ್ತದೆ. ಅಂಥ ಮಗುವಿಗೆ ಸೂತ್ರವನ್ನು ಮತ್ತೆ ಉರು ಹೊಡೆಸಿ ಪ್ರಯೋಜನವಿಲ್ಲ. ಐದು ರೂಪಾಯಿ ಸಾಲವಿದ್ದವನು ಇನ್ನೂ ನಾಲ್ಕು ರೂಪಾಯಿ ಸಾಲ ಮಾಡಿದರೆ ಒಟ್ಟು ಎಷ್ಟಾಯಿತು ಎಂದು ಕೇಳಬೇಕು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಈ ನಿಯಮಗಳನ್ನು ಹೇಳಿದ್ದೂ ಆಸ್ತಿ ಮತ್ತು ಸಾಲದ ಲೆಕ್ಕದಲ್ಲೇ.

ಗಾಳಿಪಟಕ್ಕೆ ಒಂದು ದೌರ್ಬಲ್ಯವಿದೆ. ಎಡಬಲ ಒಂದೇ ಥರ ಇರುವುದರಿಂದ ಅರ್ಧ ತುಂಬುವಷ್ಟರಲ್ಲಿ ಚುರುಕು ಮಕ್ಕಳು ಚಿತ್ರವನ್ನು ಊಹಿಸಿ ಉಳಿದರ್ಧಕ್ಕೆ ಸುಮ್ಮನೆ ಬಣ್ಣ ಬಳಿಯುತ್ತಾರೆ. ಅದಕ್ಕೆ ಪಟದ ಬಲ ಭಾಗದ ಒಂದು ಚೌಕವನ್ನು ಬೇಕೆಂದೇ ನೀಲಿ ಮಾಡಬೇಕು. ನಡುಸಾಲಿನ ನಾಲ್ಕನೇ ಚೌಕದಲ್ಲಿ (−36) ÷ (−9) ಇಟ್ಟರೆ ಉತ್ತರ 4, ಅಲ್ಲೊಂದು ನೀಲಿ ಚುಕ್ಕೆ. ಊಹಿಸಿದವರ ಹಾಳೆಯಲ್ಲಿ ಅದು ಕೆಂಪಾಗಿರುತ್ತದೆ. ಆದರೆ ಚಿಹ್ನೆ ತಪ್ಪಿಸಿ −4 ಬರೆದವರದ್ದೂ ಕೆಂಪೇ. ಇವರಿಬ್ಬರನ್ನು ಬೇರೆ ಮಾಡುವುದು ಬಣ್ಣದಿಂದ ಆಗದ ಕೆಲಸ. ಹಾಗಾಗಿ ಚೌಕದೊಳಗೆ ಉತ್ತರ ಬರೆದ ಮೇಲೆಯೇ ಬಣ್ಣ ಎಂಬ ಕಟ್ಟುಪಾಡು ಬೇಕು. ಮೇಲೆ ಬಳಿದರೂ ಅಂಕಿ ಕಾಣುವಂತೆ ಸ್ಕೆಚ್ ಪೆನ್ನಿಗಿಂತ ಬಣ್ಣದ ಪೆನ್ಸಿಲ್ ಒಳ್ಳೆಯದು.

ಕೆಂಪು ಮತ್ತು ಹಸಿರನ್ನು ಒಂದೇ ಪಟ್ಟಿಯಲ್ಲಿ ಇಡದಿರುವುದೂ ಲೇಸು. ಈ ಎರಡರ ವ್ಯತ್ಯಾಸ ಕಾಣದ ವರ್ಣಾಂಧತೆ ಹುಡುಗಿಯರಿಗಿಂತ ಹುಡುಗರಲ್ಲಿ ಬಹಳ ಹೆಚ್ಚು. ಚೌಕಗಳೂ ಮಿತಿಯಲ್ಲಿರಲಿ, ನೂರು ಚೌಕದ ನವಿಲು ನೋಡಲು ಚೆಂದ, ಆದರೆ 40 ನಿಮಿಷದ ಪೀರಿಯಡ್ಡಿನಲ್ಲಿ ಹೆಚ್ಚು ಹೊತ್ತು ಬಣ್ಣಕ್ಕೇ ಹೋಗುತ್ತದೆ.

ಇಂಥ ಹಾಳೆ ಮಾಡುವ ಶಿಕ್ಷಕರು, ಪೋಷಕರು ಜೆರಾಕ್ಸ್‌ಗೆ ಕೊಡುವ ಮೊದಲು ಅದನ್ನು ಎರಡು ಸಲ ತುಂಬಿ ನೋಡಲಿ. ಮೊದಲ ಸಲ ಎಲ್ಲವನ್ನೂ ಸರಿಯಾಗಿ, ಎರಡನೇ ಸಲ ‘ಮೈನಸ್ ಮೈನಸ್ ಪ್ಲಸ್’ ಎಂದು ನಂಬಿದ ಮಗುವಿನಂತೆ. ಎರಡೂ ಚಿತ್ರ ಒಂದೇ ಥರ ಬಂದರೆ ಬಣ್ಣದ ಪಟ್ಟಿಯನ್ನು ಬದಲಿಸಬೇಕು.