ಬಿಚ್ಚಿಟ್ಟರೆ ನಿಲ್ಲುವ ವಾಚು: ಕೆಟ್ಟಿದೆಯೋ, ಹಸಿದಿದೆಯೋ?

ಹಿಂದೂಪುರವಾಗಲಿ ಕಲ್ಯಾಣದುರ್ಗವಾಗಲಿ, ಆಟೊಮ್ಯಾಟಿಕ್ ವಾಚು ಕಟ್ಟುವವರ ಬಾಯಲ್ಲಿ ಕೇಳಿಬರುವ ದೂರು ಒಂದೇ. "ಕೈಯಲ್ಲಿದ್ದಾಗ ಚೆನ್ನಾಗಿ ನಡೆಯುತ್ತೆ ಅಣ್ಣಾ, ಎರಡು ದಿನ ಬಿಚ್ಚಿಟ್ಟರೆ ನಿಂತುಬಿಡುತ್ತೆ." ಸೆಲ್ ವಾಚಿಗೆ ಒಗ್ಗಿಹೋದವರಿಗೆ ಇದು ಕಾಯಿಲೆಯಂತೆ ಕಾಣುತ್ತದೆ. ಹೆಚ್ಚಿನ ಸಲ ಇದು ಕಾಯಿಲೆಯೇ ಅಲ್ಲ, ಆ ವಾಚಿನ ಸ್ವಭಾವ. ಕೆಲವು ಸಲ ಮಾತ್ರ ಒಳಗೆ ನಿಜವಾದ ತೊಂದರೆ ಇರುತ್ತದೆ. ಯಾವುದು ಸ್ವಭಾವ, ಯಾವುದು ತೊಂದರೆ ಎಂಬುದನ್ನು ವಾಚು ಬಿಚ್ಚದೆ, ಕಾಸು ಖರ್ಚಿಲ್ಲದೆ ಮನೆಯಲ್ಲೇ ಪತ್ತೆ ಮಾಡಬಹುದು. ಅದು ಗೊತ್ತಾದರೆ, ಈಚೆಗೆ ಆನ್‌ಲೈನ್‌ನಲ್ಲಿ ಸಿಗುವ ವೈಂಡರ್ ಪೆಟ್ಟಿಗೆ ಕೊಳ್ಳಬೇಕೇ ಬೇಡವೇ ಎನ್ನುವುದಕ್ಕೂ ಉತ್ತರ ಸಿಗುತ್ತದೆ.

ಬೆಂಗಳೂರಿನಿಂದ ಬಂದ ವಾಚು

ಅನಂತಪುರ ಸೀಮೆಯ ಈ ಗಡಿ ಊರುಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ರೈಲಿನಲ್ಲಿ ಕೂತರೆ ಹಿಂದೂಪುರಕ್ಕೆ ಬೆಂಗಳೂರು ಹತ್ತಿರದ ಪಟ್ಟಣ. ಹಾಗಾಗಿ ಇಲ್ಲಿಯ ಹಳೆಯ ಬೀರುಗಳಲ್ಲಿರುವ ವಾಚು ಎಂದರೆ ಸಾಮಾನ್ಯವಾಗಿ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಕೊಹಿನೂರ್ ಇವೆಲ್ಲ ದಿನಾ ಬೆಳಿಗ್ಗೆ ಕೀ ಕೊಡಬೇಕಾದ ವಾಚುಗಳು. ಕಾಂಚನ್, ರಜತ್ ಮುಂತಾದವು ಆಟೊಮ್ಯಾಟಿಕ್. ಮದುವೆಯಲ್ಲಿ ಅಳಿಯನಿಗೆ ವಾಚು ಕೊಡುವ ಪದ್ಧತಿ ಇದ್ದ ಕಾಲದಲ್ಲಿ ಕಾಂಚನ್ ಕೈಗೆ ಬಂದರೆ ಅದೊಂದು ಗೌರವ. ಆ ವಾಚುಗಳು ಈಗ ಮಗನ ಕೈಗೋ ಮೊಮ್ಮಗನ ಕೈಗೋ ಬಂದಿವೆ. ಬಿಚ್ಚಿಟ್ಟಾಗ ನಿಂತಿದ್ದು ಕಂಡು ಗಾಬರಿಯಾಗುವವರು ಇವರೇ.

ಒಳಗೆ ನಡೆಯುವುದೇನು

ಕೀ ಕೊಡುವ ವಾಚು ಮತ್ತು ಆಟೊಮ್ಯಾಟಿಕ್ ವಾಚು ಎರಡರ ಜೀವವೂ ಒಂದೇ ಜಾಗದಲ್ಲಿದೆ. ಬ್ಯಾರೆಲ್ ಎನ್ನುವ ಪುಟ್ಟ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡಿರುವ ಉಕ್ಕಿನ ಪಟ್ಟಿಯೇ ಆ ಜೀವ. ಅದಕ್ಕೆ ಮೇನ್‌ಸ್ಪ್ರಿಂಗ್ ಎನ್ನುತ್ತಾರೆ. ಸುತ್ತಿದ ಪಟ್ಟಿ ಬಿಚ್ಚಿಕೊಳ್ಳಲು ಎಳೆಯುತ್ತದೆ, ಆ ಎಳೆತ ಹಲ್ಲುಚಕ್ರಗಳ ಸಾಲಿನ ಮೂಲಕ ಬ್ಯಾಲೆನ್ಸ್ ಚಕ್ರಕ್ಕೆ ತಲುಪುತ್ತದೆ, ಅದು ಅತ್ತಿತ್ತ ತಿರುಗುತ್ತ ಸಮಯವನ್ನು ಸಮನಾಗಿ ಕತ್ತರಿಸುತ್ತದೆ. ಪಟ್ಟಿ ಪೂರ್ತಿ ಬಿಚ್ಚಿಕೊಂಡರೆ ಎಳೆತ ಮುಗಿಯಿತು, ವಾಚು ನಿಂತಿತು.

ಎರಡಕ್ಕೂ ಮುಖ್ಯ ವ್ಯತ್ಯಾಸ ಪಟ್ಟಿಯನ್ನು ಸುತ್ತುವವರು ಯಾರು ಎನ್ನುವುದರಲ್ಲಿ. ಆಟೊಮ್ಯಾಟಿಕ್ ವಾಚಿನ ಹಿಂದಿನ ಮುಚ್ಚಳ ತೆಗೆದರೆ ಅರ್ಧ ಚಂದ್ರನ ಆಕಾರದ ಭಾರವಾದ ಲೋಹದ ತುಂಡು ಕಾಣುತ್ತದೆ. ಅದೇ ರೋಟರ್. ಕೈ ಎತ್ತಿದಾಗ, ಇಳಿಸಿದಾಗ, ತಿರುಗಿಸಿದಾಗ ಅದರ ಭಾರದ ಕಡೆ ಸದಾ ಕೆಳಕ್ಕೆ ಜಾರುತ್ತದೆ. ಆ ಜಾರುವಿಕೆ ಹಲ್ಲುಚಕ್ರಗಳ ಮೂಲಕ ನಿಧಾನವಾಗಿ ಪಟ್ಟಿಯನ್ನು ಸುತ್ತುತ್ತದೆ. ಕೈ ಅಲ್ಲಾಡದಿದ್ದರೆ ರೋಟರ್ ಅಲ್ಲಾಡುವುದಿಲ್ಲ, ಪಟ್ಟಿ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ.

ಹಾಗಾದರೆ ಇಡೀ ದಿನ ಕೈ ಆಡಿಸುವವರ ವಾಚಿನ ಪಟ್ಟಿ ಬಿಗಿಯಾಗಿ ತುಂಡಾಗುವುದಿಲ್ಲವೇ? ಆಗುವುದಿಲ್ಲ. ಆಟೊಮ್ಯಾಟಿಕ್‌ನಲ್ಲಿ ಪಟ್ಟಿಯ ಹೊರತುದಿಯನ್ನು ಬ್ಯಾರೆಲ್ ಗೋಡೆಗೆ ಕೊಕ್ಕೆ ಹಾಕಿ ಬಿಗಿದಿರುವುದಿಲ್ಲ, ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ. ಪೂರ್ತಿ ಸುತ್ತಿದ ಮೇಲೂ ಸುತ್ತಿದರೆ ಆ ತುದಿ ಗೋಡೆಯ ಮೇಲೆ ಸ್ವಲ್ಪ ಜಾರಿ ಮತ್ತೆ ನಿಲ್ಲುತ್ತದೆ. ಆದ್ದರಿಂದ ಹೆಚ್ಚು ಕಟ್ಟಿದರೆ ಕೆಡುತ್ತದೆ ಎಂಬ ಭಯ ಬೇಡ.

ಆಟೊಮ್ಯಾಟಿಕ್ ವಾಚು ಹುಟ್ಟಿದ್ದಕ್ಕೂ ದೂಳಿಗೂ ನಂಟಿದೆ. ಕೈಗಡಿಯಾರವನ್ನು ತಾನೇ ಕೀ ಕೊಟ್ಟುಕೊಳ್ಳುವಂತೆ ಮಾಡಿ, 1920ರ ದಶಕದಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಗಡಿಯಾರ ರಿಪೇರಿಗಾರ ಜಾನ್ ಹಾರ್‌ವುಡ್. ಕೀ ಕೊಡುವ ತಿರುಪಿನ ಸಂದಿನಿಂದಲೇ ದೂಳು, ತೇವ ಒಳಗೆ ನುಗ್ಗಿ ವಾಚು ಕೆಡುತ್ತದೆ ಎಂದು ಕಂಡುಕೊಂಡ ಅವರು ಆ ತಿರುಪನ್ನೇ ತೆಗೆದುಹಾಕಲು ಹೊರಟರು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತು ತಿರುಗುವ ರೋಟರ್ ತಂದಿತು.

ನಲವತ್ತು ಗಂಟೆಯ ಲೆಕ್ಕ

ಎಚ್‌ಎಂಟಿಯ ಈಚಿನ ಆಟೊಮ್ಯಾಟಿಕ್‌ಗಳಲ್ಲಿರುವ 8205 ಯಂತ್ರ ಸಿಟಿಜನ್ ವಂಶದ್ದು. ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ ಆರು. ಪಟ್ಟಿ ಪೂರ್ತಿ ಸುತ್ತಿದ್ದರೆ ಇಂಥ ಯಂತ್ರ ಸುಮಾರು 40 ಗಂಟೆ ನಡೆಯುತ್ತದೆ. 'ಪೂರ್ತಿ ಸುತ್ತಿದ್ದರೆ' ಎಂಬ ಮಾತನ್ನು ಗಮನಿಸಿ. ಎಲ್ಲ ಗೊಂದಲ ಹುಟ್ಟುವುದು ಇಲ್ಲೇ.

ಹಿಂದೂಪುರದ ಮಂಡಿಯಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂರುವವರೊಬ್ಬರನ್ನು ಊಹಿಸಿಕೊಳ್ಳಿ. ಶನಿವಾರ ರಾತ್ರಿ 8ಕ್ಕೆ ವಾಚು ಬಿಚ್ಚಿಡುತ್ತಾರೆ, ಸೋಮವಾರ ಬೆಳಿಗ್ಗೆ 9ಕ್ಕೆ ಕಟ್ಟುತ್ತಾರೆ. ನಡುವೆ 37 ಗಂಟೆ. ಪಟ್ಟಿ ಪೂರ್ತಿ ಸುತ್ತಿದ್ದರೆ ವಾಚು ಇನ್ನೂ ನಡೆಯುತ್ತಿರಬೇಕು. ಆದರೆ ಕೂತೇ ಕೆಲಸ ಮಾಡುವವರ ಕೈ ದಿನವಿಡೀ ಮೇಜಿನ ಮೇಲೆ ಇರುತ್ತದೆ, ರೋಟರ್ ಆಡುವುದು ಕಡಿಮೆ. ಶನಿವಾರ ರಾತ್ರಿಗೆ 30 ಗಂಟೆಯಷ್ಟೇ ಶಕ್ತಿ ಕೂಡಿದ್ದರೆ ವಾಚು ಸೋಮವಾರ ಬೆಳಗಿನ ಜಾವ 2ಕ್ಕೆ ನಿಲ್ಲುತ್ತದೆ. ನಿಂತ ಮುಳ್ಳುಗಳೇ ಆ ಸಾಕ್ಷ್ಯ ಹೇಳುತ್ತವೆ. ಸಣ್ಣ ಮುಳ್ಳು ಎರಡರ ಮೇಲೆ, ವಾರದ ಕಿಂಡಿಯಲ್ಲಿ ಸೋಮವಾರ. ಅದೇ ವಾಚನ್ನು ಕಲ್ಯಾಣದುರ್ಗದ ಕಡೆ ಹೊಲದಲ್ಲಿ ಕಡಲೆಕಾಯಿ ಕೀಳುವವರು ಕಟ್ಟಿದ್ದರೆ ನಿಲ್ಲದೇ ಇರಬಹುದು. ವಾಚು ಒಂದೇ, ಕೈ ಬೇರೆ.

ಈಗ ಪರೀಕ್ಷೆ ಮಾಡೋಣ. ವಾಚು ನಿಂತ ಮೇಲೆ ಕೀ ಕೊಡುವ ಕ್ರೌನನ್ನು ಎಳೆಯದೆ, ಒಳಗಿರುವ ಸ್ಥಿತಿಯಲ್ಲೇ ಮುಂದಕ್ಕೆ ಮೆಲ್ಲಗೆ 30ರಿಂದ 40 ಸಲ ತಿರುಗಿಸಿ. ಸಮಯ ಸರಿಮಾಡಿ, ಡಯಲ್ ಮೇಲೆ ಬರುವಂತೆ ಮೇಜಿನ ಮೇಲಿಟ್ಟು ಹೊತ್ತು ಬರೆದಿಡಿ. ಮತ್ತೆ ಮುಟ್ಟಬೇಡಿ. ನಿಂತಾಗ ಮುಳ್ಳು ಮತ್ತು ವಾರ ನೋಡಿ ಲೆಕ್ಕ ಹಾಕಿ.

ಸುಮಾರು 36ರಿಂದ 40 ಗಂಟೆ ನಡೆದಿದ್ದರೆ ಪಟ್ಟಿಯೂ ಚಕ್ರಗಳೂ ಚೆನ್ನಾಗಿವೆ. 24 ಗಂಟೆಯೊಳಗೇ ನಿಂತರೆ ತೊಂದರೆ ಒಳಗಿದೆ. ಎಣ್ಣೆ ಒಣಗಿ ಗಟ್ಟಿಯಾಗಿದೆ, ದೂಳು ಸೇರಿದೆ, ಇಲ್ಲವೇ ಪಟ್ಟಿ ಸೋತಿದೆ. ಇದಕ್ಕೆ ಸರ್ವಿಸ್ ಬೇಕು. ಮೂರನೆಯ ಸಂದರ್ಭವೂ ಒಂದಿದೆ: ಕೀ ಕೊಟ್ಟಾಗ 40 ಗಂಟೆ ನಡೆಯುತ್ತದೆ, ಆದರೆ ದಿನವಿಡೀ ಕಟ್ಟಿಕೊಂಡು ಚೆನ್ನಾಗಿ ಓಡಾಡಿದರೂ ರಾತ್ರಿ ಬಿಚ್ಚಿಟ್ಟರೆ ಬೆಳಿಗ್ಗೆಗೆ ನಿಂತಿರುತ್ತದೆ. ಆಗ ದೋಷ ರೋಟರ್‌ನ ಬೇರಿಂಗಿನಲ್ಲೋ ಅದಕ್ಕೆ ಹೊಂದಿದ ಚಕ್ರಗಳಲ್ಲೋ ಇದೆ. ರಿಪೇರಿಯವರಿಗೆ ಇಷ್ಟು ಹೇಳಿದರೆ ಅವರ ಹುಡುಕಾಟ ಅರ್ಧ ಮುಗಿದಂತೆ.

ಒಂದು ಎಚ್ಚರಿಕೆ. ಎಲ್ಲ ಆಟೊಮ್ಯಾಟಿಕ್‌ಗಳಿಗೂ ಕ್ರೌನಿನಿಂದ ಕೀ ಕೊಡಲಾಗುವುದಿಲ್ಲ. ಹಳೆಯ ಸೀಕೊ 5 ವಾಚುಗಳಲ್ಲಿ ಬಹಳ ಬಳಕೆಯಾದ 7ಎಸ್26 ಯಂತ್ರಕ್ಕೆ ಆ ಅನುಕೂಲವಿಲ್ಲ. ಅಂಥದನ್ನು ಕೈಯಲ್ಲಿ ಅಡ್ಡವಾಗಿ ಹಿಡಿದು ನಿಧಾನವಾಗಿ ಸುತ್ತು ಸುತ್ತಾಗಿ ಆಡಿಸಿ ಎಬ್ಬಿಸಬೇಕು, ಕುಲುಕಬಾರದು. ತಿರುಗಿಸುವಾಗ ಕ್ರೌನ್ ಬಿಗಿಯೆನಿಸಿದರೆ ಬಲ ಹಾಕದೆ ನಿಲ್ಲಿಸಿ.

ವೈಂಡರ್ ಬೇಕೇ?

ವೈಂಡರ್ ಎಂದರೆ ಮೋಟಾರು ಇರುವ ಪೆಟ್ಟಿಗೆ. ಅದರೊಳಗಿನ ದಿಂಬಿಗೆ ವಾಚು ಕಟ್ಟಿದರೆ, ಕೈಯ ಬದಲು ಪೆಟ್ಟಿಗೆಯೇ ಅದನ್ನು ತಿರುಗಿಸುತ್ತಿರುತ್ತದೆ. ಬಹುತೇಕ ಯಂತ್ರಗಳಿಗೆ ದಿನಕ್ಕೆ 650ರಿಂದ 800 ಸುತ್ತು ಸಾಕು. ಆದರೆ ಸಿಟಿಜನ್ ವಂಶದ ಈ ಯಂತ್ರಗಳಲ್ಲಿ ರೋಟರ್ ಒಂದೇ ದಿಕ್ಕಿಗೆ ತಿರುಗಿದಾಗ ಪಟ್ಟಿ ಸುತ್ತುತ್ತದೆ, ಇನ್ನೊಂದು ದಿಕ್ಕಿಗೆ ಬರಿದೇ ಗಿರಗಿರ ತಿರುಗುತ್ತದೆ. ವೈಂಡರನ್ನು ತಪ್ಪು ದಿಕ್ಕಿಗೆ ಹಾಕಿದರೆ ವಾರವೆಲ್ಲ ತಿರುಗಿಸಿದರೂ ವಾಚು ನಿಂತೇ ಇರುತ್ತದೆ.

ವಾಚು ನಿಂತರೆ ಎಣ್ಣೆ ಹೆಪ್ಪುಗಟ್ಟುತ್ತದೆ, ಆದ್ದರಿಂದ ಸದಾ ನಡೆಸುತ್ತಿರಬೇಕು ಎಂಬ ಹಳೆಯ ಮಾತೊಂದಿದೆ. ಪ್ರಾಣಿಜನ್ಯ ಎಣ್ಣೆ ಬಳಸುತ್ತಿದ್ದ ಕಾಲಕ್ಕೆ ಅದಕ್ಕೆ ಅರ್ಥವಿತ್ತು. ಈಗಿನ ಸಿಂಥೆಟಿಕ್ ಎಣ್ಣೆ ವಾಚು ನಡೆದರೂ ನಿಂತರೂ ವರ್ಷಗಳು ಕಳೆದಂತೆ ಮುಪ್ಪಾಗುತ್ತದೆ. ಸವೆತ ಮಾತ್ರ ನಡೆದಾಗಲೇ ಆಗುವುದು. ದಿನಕ್ಕೆ 5,18,400 ಬಡಿತ. ತಿಂಗಳಿಗೊಮ್ಮೆ ಮದುವೆಗೋ ಹಬ್ಬಕ್ಕೋ ಕಟ್ಟುವ ವಾಚನ್ನು ವೈಂಡರಿನಲ್ಲಿಟ್ಟರೆ ಆ ಒಂದು ದಿನಕ್ಕಾಗಿ ಅದು ತಿಂಗಳಿಗೆ ಒಂದೂವರೆ ಕೋಟಿಗೂ ಹೆಚ್ಚು ಸಲ ಬಡಿಯುತ್ತದೆ. ರೋಟರ್ ಬೇರಿಂಗೂ ಪಟ್ಟಿ ಜಾರುವ ಗೋಡೆಯೂ ಅಷ್ಟು ದಿನ ಸವೆಯುತ್ತವೆ.

ಅಗ್ಗದ ವೈಂಡರಿನಲ್ಲಿ ಇನ್ನೊಂದು ಅಪಾಯವಿದೆ. ಮೋಟಾರಿನ ಅಯಸ್ಕಾಂತಕ್ಕೆ ಸರಿಯಾದ ಮರೆ ಇಲ್ಲದಿದ್ದರೆ ಬ್ಯಾಲೆನ್ಸಿನ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗಿಗೆ ಆಕರ್ಷಣೆ ಅಂಟಿ, ಅದರ ಸುರುಳಿಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಹತ್ತಿಕೊಂಡ ಸ್ಪ್ರಿಂಗ್ ಗಿಡ್ಡವಾದಂತೆ ನಡೆದುಕೊಳ್ಳುವುದರಿಂದ ವಾಚು ಏಕಾಏಕಿ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿದಾಗ ಅದರ ಮುಳ್ಳು ಅಲ್ಲಾಡಿದರೆ ಇದೇ ಕಾರಣವಿರಬಹುದು. ಇದನ್ನು ಸರಿಮಾಡುವುದು ರಿಪೇರಿ ಅಂಗಡಿಯಲ್ಲಿ ಕೆಲವೇ ಕ್ಷಣದ ಕೆಲಸ.

ವೈಂಡರ್ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು ಕಡೆ. ತಿಂಗಳ ದಿನಗಳ ಲೆಕ್ಕವನ್ನೂ ಅಧಿಕ ವರ್ಷವನ್ನೂ ತಾನೇ ನೋಡಿಕೊಳ್ಳುವ ದುಬಾರಿ ವಾಚುಗಳನ್ನು ನಿಂತ ಮೇಲೆ ಮತ್ತೆ ಹೊಂದಿಸುವುದು ತ್ರಾಸದ ಕೆಲಸ, ಅವು ನಡೆಯುತ್ತಿರುವುದೇ ಒಳ್ಳೆಯದು. ಬೆರಳಲ್ಲಿ ಬಲವಿಲ್ಲದೆ ಕ್ರೌನ್ ತಿರುಗಿಸಲಾಗದ ಹಿರಿಯರಿಗೂ ಅದು ಅನುಕೂಲ. ವಾರ, ತಾರೀಕು ಮಾತ್ರ ಇರುವ ಕಾಂಚನ್‌ಗೆ ಅದರ ಅಗತ್ಯವಿಲ್ಲ.

ನಿಂತ ವಾಚನ್ನು ಎಬ್ಬಿಸುವ ಕ್ರಮ

ಮೊದಲು ಕೀ ಕೊಡಿ. ನಂತರ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ ಹನ್ನೆರಡು ದಾಟಿಸಿ. ತಾರೀಕು ಬದಲಾದರೆ ಅದು ನಡುರಾತ್ರಿ, ಬದಲಾಗದಿದ್ದರೆ ಮಧ್ಯಾಹ್ನ. ಆಮೇಲೆ ಮುಳ್ಳನ್ನು ಬೆಳಗಿನ ಆರರ ಸುತ್ತ ನಿಲ್ಲಿಸಿ ತಾರೀಕು ಸರಿಮಾಡಿ. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗಿನ ಸ್ಥಾನದಲ್ಲಿ ಮುಳ್ಳಿದ್ದಾಗ ತಾರೀಕನ್ನು ಬೇಗ ಬದಲಿಸಲು ಹೋಗಬೇಡಿ. ಆಗ ತಾರೀಕಿನ ಚಕ್ರವನ್ನು ಯಂತ್ರವೇ ಹಿಡಿದಿರುತ್ತದೆ, ಹಲ್ಲು ಮುರಿಯಬಹುದು. ಕೊನೆಗೆ ಸಮಯ ಹೊಂದಿಸಿ ಕಟ್ಟಿಕೊಳ್ಳಿ.

ಒಂದೇ ವಾಚು ಇರುವವರಿಗೆ ದಿನಾ ಕಟ್ಟುವುದೇ ಉತ್ತಮ. ಕೂತು ಕೆಲಸ ಮಾಡುವವರು ಬೆಳಿಗ್ಗೆ ಹತ್ತಿಪ್ಪತ್ತು ಸುತ್ತು ಕೀ ಸೇರಿಸಿದರೆ ವಾಚು ನಿಲ್ಲುವುದೂ ಇಲ್ಲ, ಸಮಯವೂ ಹೆಚ್ಚು ಸಮನಾಗಿರುತ್ತದೆ. ಪಟ್ಟಿ ಸಡಿಲವಾದಷ್ಟೂ ಬ್ಯಾಲೆನ್ಸಿನ ತೂಗಾಟ ಕುಗ್ಗಿ ಸಮಯ ಅತ್ತಿತ್ತ ಸರಿಯುತ್ತದೆ. ಅಪರೂಪಕ್ಕೆ ಕಟ್ಟುವ ಹಿರಿಯರ ಎಚ್‌ಎಂಟಿಯನ್ನು ನಿಲ್ಲಲು ಬಿಡಿ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ಯಂತ್ರಗಳ ಬಿಡಿಭಾಗ ಸಿಗುವುದು ಕಷ್ಟವಾಗುತ್ತ ಬಂದಿದೆ. ಇಂಥ ವಾಚಿನಲ್ಲಿ ಒಂದು ಬೇರಿಂಗ್ ಸವೆದರೆ ಅದನ್ನು ಸರಿಮಾಡಲು ಇನ್ನೊಂದು ಹಳೆಯ ವಾಚನ್ನೇ ಬಿಚ್ಚಬೇಕಾಗಬಹುದು. ಹಾಗಾಗಿ ವೈಂಡರಿಗೆ ಹಾಕುವ ದುಡ್ಡನ್ನು ಕೆಲವು ವರ್ಷಕ್ಕೊಮ್ಮೆ ಒಂದು ಒಳ್ಳೆಯ ಸರ್ವಿಸಿಗೆ ಹಾಕುವುದೇ ಲೇಸು. ಅಲ್ಲಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ, ಕ್ರೌನಿನ ರಬ್ಬರ್ ಬಳೆ ಬದಲಿಸುತ್ತಾರೆ. ದೂಳಿನ ಈ ಸೀಮೆಯಲ್ಲಿ ವಾಚಿನ ಆಯಸ್ಸನ್ನು ನಿರ್ಧರಿಸುವುದು ಆ ಪುಟ್ಟ ಬಳೆ.