ಉತ್ತರ ಕೊಡದ ವಿಳಾಸ

ವೆಬ್‌ಸೈಟೊಂದರ ಹೆಸರು ಒತ್ತಿದ ಮೇಲೆ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಕಳೆದರೂ ಏನೂ ಕಾಣುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಪುಟ ಸರಾಗವಾಗಿ ತೆರೆದುಕೊಳ್ಳುತ್ತದೆ. ಸರ್ವರ್ ನಿಧಾನವಾಗಿದ್ದರೆ ಹೀಗಾಗದು. ಕಂಪ್ಯೂಟರ್ ಅಷ್ಟು ಹೊತ್ತೂ ಬೇರೊಂದು ವಿಳಾಸದ ಬಾಗಿಲಲ್ಲಿ ಕಾಯುತ್ತಿತ್ತು.

ಅಂತರ್ಜಾಲದ ಹಳೆಯ ವಿಳಾಸ ಪದ್ಧತಿ ಐಪಿವಿ4ರಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಇವೆ. ಹಂಚಲು ಜಾಗತಿಕ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಕಟ್ಟುಗಳು 2011ರ ಫೆಬ್ರುವರಿಯಲ್ಲಿ ಮುಗಿದವು. ಹೊಸ ಪದ್ಧತಿ ಐಪಿವಿ6ಕ್ಕೆ ಆ ಕೊರತೆ ಇಲ್ಲ. ಆದರೆ ಇವೆರಡೂ ಪರಸ್ಪರ ನೇರವಾಗಿ ಮಾತಾಡಲಾರವು. ಹಾಗಾಗಿ ಬಹಳಷ್ಟು ಸೈಟುಗಳು ಎರಡೂ ವಿಳಾಸ ಇಟ್ಟುಕೊಳ್ಳುತ್ತವೆ. ಡಿಎನ್‌ಎಸ್‌ನಲ್ಲಿ ಹಳೆಯದು A ದಾಖಲೆಯಾಗಿಯೂ ಹೊಸದು AAAA ದಾಖಲೆಯಾಗಿಯೂ ಇರುತ್ತದೆ. ಎರಡೂ ಸಿಕ್ಕರೆ ಕಂಪ್ಯೂಟರು ಸಾಮಾನ್ಯವಾಗಿ ಹೊಸದನ್ನೇ ಮೊದಲು ಪ್ರಯತ್ನಿಸುತ್ತದೆ.

ಎಡವಟ್ಟು ಶುರುವಾಗುವುದು ಇಲ್ಲಿಯೇ. ಒಂದು ಸಂಸ್ಥೆ ತನ್ನ ಸೈಟನ್ನು ಹೊಸ ಸರ್ವರಿಗೆ ಸಾಗಿಸಿ, A ದಾಖಲೆ ತಿದ್ದಿ, AAAA ದಾಖಲೆಯನ್ನು ಮರೆತಿದೆ ಎಂದುಕೊಳ್ಳೋಣ. ಹಳೆಯ ಯಂತ್ರ ಇನ್ನೂ ಚಾಲನೆಯಲ್ಲಿದ್ದು, ‘ಇಲ್ಲಿ ಆ ಸೇವೆ ಇಲ್ಲ’ ಎಂದು ತಿರಸ್ಕರಿಸಿದರೆ ನಷ್ಟವೇನಿಲ್ಲ, ಪ್ರೋಗ್ರಾಂ ತಕ್ಷಣ ಐಪಿವಿ4ಕ್ಕೆ ತಿರುಗುತ್ತದೆ. ಆದರೆ ನಡುವಿನ ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸಿದರೆ ಫೋನ್ ರಿಂಗಾಗುತ್ತಲೇ ಇರುತ್ತದೆ, ಎತ್ತುವವರೂ ಇಲ್ಲ, ಕತ್ತರಿಸುವವರೂ ಇಲ್ಲ.

ಲಿನಕ್ಸ್ ಬಹುಕಾಲ ಪಾಲಿಸಿಕೊಂಡು ಬಂದ ಲೆಕ್ಕ ಹೀಗಿತ್ತು: ಮೊದಲ ಕರೆಗೆ ಉತ್ತರ ಬಾರದಿದ್ದರೆ 1 ಸೆಕೆಂಡಿನ ಬಳಿಕ ಇನ್ನೊಂದು, ಆಮೇಲೆ 2 ಸೆಕೆಂಡು ಬಿಟ್ಟು ಮತ್ತೊಂದು, ಬಳಿಕ 4, 8, 16, 32 ಎಂದು ಕಾಯುವ ಹೊತ್ತು ಇಮ್ಮಡಿಸುತ್ತ ಹೋಗುತ್ತದೆ. ಕೊನೆಯ ಕರೆಯ ನಂತರ 64 ಸೆಕೆಂಡು ಕಾದು ಕೈಬಿಡುವ ಹೊತ್ತಿಗೆ ಒಟ್ಟು 127 ಸೆಕೆಂಡು, ಅಂದರೆ ಎರಡು ನಿಮಿಷಕ್ಕೂ ಹೆಚ್ಚು ಕಳೆದಿರುತ್ತದೆ. ಸರದಿಯಂತೆ ಒಂದೊಂದೇ ವಿಳಾಸ ನೋಡುವ ಪ್ರೋಗ್ರಾಂ ಐಪಿವಿ4ರ ಕದ ತಟ್ಟುವುದು ಆಮೇಲೆಯೇ.

ಈ ಭಯದಿಂದಲೇ ದೊಡ್ಡ ಸೈಟುಗಳು ವರ್ಷಗಟ್ಟಲೆ AAAA ಪ್ರಕಟಿಸಲು ಹಿಂಜರಿದವು. ಐಪಿವಿ6 ಸರಿಯಾಗಿದೆಯೆಂದು ಖಾತ್ರಿಯಾದ ಜಾಲಗಳಿಗೆ ಮಾತ್ರ ಗೂಗಲ್ ಆ ದಾಖಲೆ ಕೊಡುತ್ತಿತ್ತು. 2011ರ ಜೂನ್ 8ರಂದು ಗೂಗಲ್, ಫೇಸ್‌ಬುಕ್, ಯಾಹೂ ಮೊದಲಾದವು ಎಲ್ಲರೂ ಒಟ್ಟಿಗೆ ಒಂದು ದಿನದ ಮಟ್ಟಿಗೆ ಐಪಿವಿ6 ತೆರೆದು ಪರೀಕ್ಷಿಸಿದವು. ಒಬ್ಬರೇ ತೆರೆದರೆ ಬಳಕೆದಾರರು ‘ಆ ಸೈಟೇ ಕೆಟ್ಟಿದೆ’ ಎನ್ನುತ್ತಾರೆ, ಎಲ್ಲರೂ ತೆರೆದರೆ ದೋಷ ತಮ್ಮ ಸಂಪರ್ಕದಲ್ಲೇ ಇರುವುದು ಗೊತ್ತಾಗುತ್ತದೆ ಎಂಬುದು ಲೆಕ್ಕಾಚಾರ. 2012ರ ಜೂನ್ 6ರಿಂದ ಅದನ್ನು ಕಾಯಂ ಮಾಡಿದರು.

ಅದೇ ವರ್ಷ ‘ಹ್ಯಾಪಿ ಐಬಾಲ್ಸ್’ ಎಂಬ ವಿಧಾನವೂ ಆರ್‌ಎಫ್‌ಸಿ 6555 ಆಗಿ ಪ್ರಕಟವಾಯಿತು. ಐಪಿವಿ6ಕ್ಕೆ ಕರೆ ಹೋಗುತ್ತದೆ. ಸೆಕೆಂಡಿನ ಕಾಲು ಭಾಗದಷ್ಟರಲ್ಲಿ ಉತ್ತರ ಬಾರದಿದ್ದರೆ ಐಪಿವಿ4ಕ್ಕೂ ಕರೆ ಹೊರಡುತ್ತದೆ. ಮೊದಲು ಓಗೊಟ್ಟವರೊಡನೆ ಮಾತು. ಇಂದಿನ ಪ್ರಮುಖ ಬ್ರೌಸರುಗಳೆಲ್ಲ ಹೀಗೆಯೇ ನಡೆಯುತ್ತವೆ.

ಆದರೂ ಕಾಟ ಪೂರ್ತಿ ತಪ್ಪಿಲ್ಲ. ಸಂಪರ್ಕ ಕೂಡಿದ ಮೇಲೆ ಸಿಕ್ಕಿಬೀಳುವ ಪ್ಯಾಕೆಟ್ಟುಗಳಿಗೆ ಈ ವಿಧಾನ ಮದ್ದಲ್ಲ. ಐಪಿವಿ6ರಲ್ಲಿ ದಾರಿಯ ರೂಟರ್ ದೊಡ್ಡ ಪ್ಯಾಕೆಟ್ ಒಡೆದು ಕಳಿಸುವುದಿಲ್ಲ; ‘ಇದು ದೊಡ್ಡದಾಯಿತು’ ಎಂಬ ಐಸಿಎಂಪಿ ಸಂದೇಶವನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ. ಸರ್ವರ್ 1500 ಬೈಟುಗಳ ಪ್ಯಾಕೆಟ್ ಕಳಿಸಿ, ನಡುವಿನ ಕೊಂಡಿ 1480ಕ್ಕಿಂತ ಹೆಚ್ಚು ಹೊರದಿದ್ದಾಗ ಆ ಸಂದೇಶ ತಲುಪಲೇಬೇಕು. ಸುರಕ್ಷೆಯ ಹೆಸರಿನಲ್ಲಿ ಯಾರಾದರೂ ಐಸಿಎಂಪಿಯನ್ನೇ ತಡೆದಿದ್ದರೆ ಪರಿಚಯದ ಸಣ್ಣ ಪ್ಯಾಕೆಟ್ಟುಗಳು ದಾಟುತ್ತವೆ, ಪುಟ ಹೊತ್ತ ದೊಡ್ಡವು ಮಾಯವಾಗುತ್ತವೆ. ಸಂಪರ್ಕ ಗೆದ್ದಾಗಿರುವುದರಿಂದ ಬ್ರೌಸರ್ ಐಪಿವಿ4ರತ್ತ ಹೊರಳುವುದಿಲ್ಲ.

ಪತ್ತೆ ಮಾಡಲು ಎರಡು ಆದೇಶ ಸಾಕು:

```
curl -4 -v -o /dev/null https://example.com/
curl -6 -v -o /dev/null https://example.com/
```

ಮೊದಲನೆಯದು ಥಟ್ಟನೆ ಮುಗಿದು ಎರಡನೆಯದು ‘Trying’ ಸಾಲಿನಲ್ಲೇ ನಿಂತರೆ ವಿಳಾಸ ಅಥವಾ ದಾರಿ ಕೆಟ್ಟಿದೆ. ಸಂಪರ್ಕವಾದ ಸೂಚನೆ ಬಂದ ಮೇಲೆ ನಿಂತರೆ ಪ್ಯಾಕೆಟ್ ಗಾತ್ರದ ಮೇಲೆ ಅನುಮಾನ ಪಡಬೇಕು. ಬೇರೆ ಸೈಟುಗಳಲ್ಲೂ ಹೀಗೇ ಆದರೆ ದೋಷ ಮನೆಯ ರೂಟರಿನಲ್ಲೋ ಸೇವೆ ಕೊಡುವವರಲ್ಲೋ ಇರುತ್ತದೆ.

ಬ್ರೌಸರಿನ ಜಾಣತನ ಸೈಟಿನ ಒಡೆಯರಿಗೆ ಹೊಸ ತೊಡಕನ್ನೂ ತಂದಿದೆ. AAAA ಕೆಟ್ಟು ತಿಂಗಳಾದರೂ ಗ್ರಾಹಕರಿಗೆ ಕಾಲು ಸೆಕೆಂಡಿನ ತಡವಷ್ಟೇ ಆಗುವುದರಿಂದ ದೂರು ಬರುವುದಿಲ್ಲ. ಒಂದೊಂದೇ ವಿಳಾಸ ಪ್ರಯತ್ನಿಸುವ `wget`ನಂಥ ಪ್ರೋಗ್ರಾಂಗಳು ಮಾತ್ರ ರಾತ್ರಿಯ ಬ್ಯಾಕಪ್ ನಡುವೆ ನಿಂತುಬಿಡುತ್ತವೆ. ಆದ್ದರಿಂದ ಸರ್ವರ್ ನೋಡಿಕೊಳ್ಳುವವರು ತಪಾಸಣೆಯನ್ನು ಐಪಿವಿ4, ಐಪಿವಿ6 ಎಂದು ಬೇರೆ ಬೇರೆಯಾಗಿಯೇ ಓಡಿಸಬೇಕಾಗುತ್ತದೆ.